ಒಂದೇ ಫೈಲು, ಮೂರು ಪ್ರಶ್ನೆ: ಮೊದಲ ಕ್ಲೌಡ್ ಸರ್ಟಿಫಿಕೇಶನ್ ಯಾವುದಿರಲಿ?

(ಕ್ಲೌಡ್ ಕೆಲಸಕ್ಕೆ ಬರಬೇಕೆಂದಿರುವವರ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ. ಕೊನೆಯಲ್ಲಿ ಸಭಿಕರು ಕೇಳಿದ ಕೆಲವು ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಕ್ಲೌಡ್ ಸರ್ಟಿಫಿಕೇಶನ್ ಪರೀಕ್ಷೆಗಳಲ್ಲಿ ಫೌಂಡೇಶನಲ್, ಅಸೋಸಿಯೇಟ್, ಸ್ಪೆಷಾಲಿಟಿ ಎಂಬ ಮೂರು ಮಟ್ಟದ ಹೆಸರು ಕೇಳಿದ ಕೂಡಲೇ ಹೆಚ್ಚಿನವರು ಅವನ್ನು ಶಾಲೆಯ ತರಗತಿಗಳ ಹಾಗೆ ಭಾವಿಸುತ್ತಾರೆ. ಮೊದಲನೆಯದು ಸುಲಭ, ಎರಡನೆಯದು ಸ್ವಲ್ಪ ಕಷ್ಟ, ಮೂರನೆಯದು ತುಂಬ ಕಷ್ಟ. ಹಾಗಾಗಿ ಒಂದಾದ ಮೇಲೊಂದು ಹತ್ತಬೇಕು ಅಂತ. ಅದು ಪೂರ್ತಿ ಸರಿಯಲ್ಲ. ಈ ಮೂರು ಮಟ್ಟಗಳು ಕೇಳುವ ಪ್ರಶ್ನೆಯ ಜಾತಿಯೇ ಬೇರೆ. ಒಂದೊಂದು ಜಾತಿಯ ಪ್ರಶ್ನೆಯನ್ನು ಒಂದೊಂದು ಬಗೆಯ ಕೆಲಸದವರು ದಿನವೂ ಎದುರಿಸುತ್ತಾರೆ. ಮುಂದೆ ನೀವು ಮಾಡಬೇಕೆಂದಿರುವ ಕೆಲಸದಲ್ಲಿ ನಿಮ್ಮನ್ನು ಯಾವ ಜಾತಿಯ ಪ್ರಶ್ನೆ ಕೇಳುತ್ತಾರೋ ಆ ಮಟ್ಟವೇ ನಿಮ್ಮದು.

ಮೂರು ಮಟ್ಟದ ಹೆಸರುಗಳು ಸ್ಪಷ್ಟವಾಗಿ ಕಾಣುವುದು ಅಮೆಜಾನ್‌ನ ಕ್ಲೌಡ್ ಆದ ಎಡಬ್ಲ್ಯೂಎಸ್‌ನಲ್ಲಿ, ಆದ್ದರಿಂದ ಉದಾಹರಣೆಯನ್ನು ಅಲ್ಲಿಂದಲೇ ತೆಗೆದುಕೊಳ್ಳುತ್ತೇನೆ. ಅಲ್ಲಿ ಅಸೋಸಿಯೇಟ್ ಮತ್ತು ಸ್ಪೆಷಾಲಿಟಿಯ ಜೊತೆಗೆ ಪ್ರೊಫೆಷನಲ್ ಅನ್ನುವ ಮಟ್ಟವೂ ಇದೆ. ಅದು ಮೊದಲ ಪರೀಕ್ಷೆಯಾಗುವಂಥದ್ದಲ್ಲವಾದ್ದರಿಂದ ಇವತ್ತು ಬಿಟ್ಟುಬಿಡೋಣ.

ಈಗ ಒಂದು ಸನ್ನಿವೇಶ. ಫೈಲು ಇಡುವ ಸೇವೆಯಾದ ಎಸ್‌ತ್ರೀಯ ಬಕೆಟ್ ಒಂದರಲ್ಲಿ ಒಂದು ಫೈಲಿದೆ. ಇಸಿಟು ಸೇವೆಯಿಂದ ಬಾಡಿಗೆಗೆ ಪಡೆದ ಸರ್ವರ್ ಒಂದು ಆ ಫೈಲನ್ನು ಓದಬೇಕು. ಇಷ್ಟೇ. ಇದೇ ಫೈಲನ್ನು ಮೂರು ಮಟ್ಟದ ಪರೀಕ್ಷೆಗಳೂ ಹೇಗೆ ನೋಡುತ್ತವೆ ಅನ್ನುವುದನ್ನು ನೋಡೋಣ.

ಮೊದಲ ಪ್ರಶ್ನೆ: ಇದು ಯಾರ ಜವಾಬ್ದಾರಿ?

ಫೌಂಡೇಶನಲ್ ಮಟ್ಟದ ಕ್ಲೌಡ್ ಪ್ರಾಕ್ಟೀಷನರ್ ಪರೀಕ್ಷೆ ಹೀಗೆ ಕೇಳುತ್ತದೆ: ಆ ಬಕೆಟ್ಟಿನ ಫೈಲು ಹೊರಗಿನವರಿಗೆ ಕಾಣದಂತೆ ನೋಡಿಕೊಳ್ಳುವುದು ಯಾರ ಹೊಣೆ? ಎಡಬ್ಲ್ಯೂಎಸ್‌ನದೋ, ಗ್ರಾಹಕರದೋ? ಫೈಲಿರುವ ಡಿಸ್ಕನ್ನು, ಕಟ್ಟಡವನ್ನು, ಅಲ್ಲಿನ ಹಾರ್ಡ್‌ವೇರನ್ನು ಕಾಯುವುದು ಎಡಬ್ಲ್ಯೂಎಸ್ ಕೆಲಸ. ಬಕೆಟ್ಟಿಗೆ ಯಾರು ಬರಬಹುದು ಅನ್ನುವುದನ್ನು ನಿಶ್ಚಯಿಸುವುದು ಗ್ರಾಹಕರ ಕೆಲಸ. ಇದನ್ನು ಶೇರ್ಡ್ ರೆಸ್ಪಾನ್ಸಿಬಿಲಿಟಿ ಮಾಡೆಲ್ ಅನ್ನುತ್ತಾರೆ. ಅದರ ಜೊತೆಗೆ, ಫೈಲನ್ನು ಅಪರೂಪಕ್ಕೆ ಮಾತ್ರ ಓದುವುದಾದರೆ ಯಾವ ಸ್ಟೋರೇಜ್ ಕ್ಲಾಸ್ ಅಗ್ಗ, ತಿಂಗಳ ಖರ್ಚನ್ನು ಎಲ್ಲಿ ನೋಡಬೇಕು ಎಂಬಂಥ ಪ್ರಶ್ನೆಗಳೂ ಬರುತ್ತವೆ.

ಇಲ್ಲಿ ಏನನ್ನೂ ಕಟ್ಟುವ ಮಾತಿಲ್ಲ. ಯಾವ ವಸ್ತು ಏನು, ಯಾವುದಕ್ಕೆ, ಯಾರ ಹೊಣೆ, ಎಷ್ಟು ಖರ್ಚಿನ ಬಗೆ ಎಂದು ಗೊತ್ತಿದ್ದರೆ ಸಾಕು. 90 ನಿಮಿಷ, 65 ಪ್ರಶ್ನೆ, ಶುಲ್ಕ 100 ಡಾಲರ್. ಇಂಥ ಪ್ರಶ್ನೆಯನ್ನು ಕೆಲಸದಲ್ಲಿ ಎದುರಿಸುವವರು ಯಾರು? ಕ್ಲೌಡ್ ಸೇವೆ ಮಾರುವವರು, ಪ್ರಾಜೆಕ್ಟ್ ಮ್ಯಾನೇಜರ್, ಖರ್ಚಿನ ಲೆಕ್ಕ ನೋಡುವವರು, ಒಪ್ಪಂದ ಓದುವ ಕಾನೂನು ವಿಭಾಗದವರು. ಅವರಿಗೆ ಇದು ಮೆಟ್ಟಿಲಲ್ಲ, ಇದೇ ತಲುಪಬೇಕಾದ ಜಾಗ. ಪ್ರಾಜೆಕ್ಟ್ ಮ್ಯಾನೇಜರ್ ಒಬ್ಬರು ಫೌಂಡೇಶನಲ್ ಮಾಡಿ ಅಲ್ಲಿಗೇ ನಿಲ್ಲಿಸಿದರೆ ಅವರು ಅರ್ಧಕ್ಕೆ ಬಿಟ್ಟರು ಅಂತ ಯಾರೂ ಹೇಳಬಾರದು.

ಎರಡನೇ ಪ್ರಶ್ನೆ: ಇರುವ ದಾರಿಗಳಲ್ಲಿ ಯಾವುದು ಸರಿ?

ಅದೇ ಫೈಲು. ಈಗ ಅಸೋಸಿಯೇಟ್ ಮಟ್ಟದ ಸೊಲ್ಯೂಷನ್ಸ್ ಆರ್ಕಿಟೆಕ್ಟ್ ಪರೀಕ್ಷೆಗೆ ಬನ್ನಿ. ಪ್ರಶ್ನೆ ಹೀಗಿರುತ್ತದೆ: ಸರ್ವರ್ ಪ್ರೈವೇಟ್ ಸಬ್‌ನೆಟ್ಟಿನಲ್ಲಿದೆ, ಅದಕ್ಕೆ ಇಂಟರ್ನೆಟ್ ಸಂಪರ್ಕವಿಲ್ಲ. ಅದೇ ರೀಜನ್ನಿನಲ್ಲಿರುವ ಬಕೆಟ್ಟಿನಿಂದ ದಿನವೂ ದೊಡ್ಡ ಫೈಲುಗಳನ್ನು ಓದಬೇಕು. ದತ್ತಾಂಶ ಇಂಟರ್ನೆಟ್ ದಾರಿಯಲ್ಲಿ ಹೋಗಕೂಡದು. ಖರ್ಚು ಎಲ್ಲಕ್ಕಿಂತ ಕಡಿಮೆ ಇರಬೇಕು. ಏನು ಮಾಡುತ್ತೀರಿ?

ಉತ್ತರಗಳಲ್ಲಿ ಪ್ರೈವೇಟ್ ಸಬ್‌ನೆಟ್ಟಿನಿಂದ ಹೊರಗೆ ಹೋಗಲು ದಾರಿ ಕೊಡುವ ನ್ಯಾಟ್ ಗೇಟ್‌ವೇ ಇರುತ್ತದೆ, ಎಡಬ್ಲ್ಯೂಎಸ್ ಸೇವೆಗೆ ಖಾಸಗಿ ದಾರಿ ಮಾಡಿಕೊಡುವ ಇಂಟರ್ಫೇಸ್ ಎಂಡ್‌ಪಾಯಿಂಟ್ ಮತ್ತು ಗೇಟ್‌ವೇ ಎಂಡ್‌ಪಾಯಿಂಟ್ ಇರುತ್ತವೆ, ಸರ್ವರನ್ನೇ ಪಬ್ಲಿಕ್ ಸಬ್‌ನೆಟ್ಟಿಗೆ ತರುವುದೂ ಇರುತ್ತದೆ. ಗಮನಿಸಿ, ನಾಲ್ಕರಲ್ಲೂ ಫೈಲನ್ನು ಓದಬಹುದು! ಯಾವುದೂ ಕೆಲಸ ಮಾಡದ ಉತ್ತರವಲ್ಲ. ಪಬ್ಲಿಕ್ ಸಬ್‌ನೆಟ್ಟಿಗೆ ತಂದರೆ ಸರ್ವರ್ ಹೊರಗೆ ತೆರೆದುಕೊಳ್ಳುತ್ತದೆ. ನ್ಯಾಟ್ ಗೇಟ್‌ವೇ ಇಟ್ಟರೆ ಗಂಟೆಗಿಷ್ಟು ಬಾಡಿಗೆ, ಅದರ ಮೇಲೆ ಹಾದುಹೋಗುವ ಪ್ರತಿ ಜಿಬಿಗೂ ಶುಲ್ಕ. ದಿನವೂ ದೊಡ್ಡ ಫೈಲು ಅಂದಾಗ ಇದು ಬೆಳೆಯುತ್ತಲೇ ಹೋಗುತ್ತದೆ. ಇಂಟರ್ಫೇಸ್ ಎಂಡ್‌ಪಾಯಿಂಟಿನಲ್ಲಿ ದತ್ತಾಂಶ ಖಾಸಗಿ ದಾರಿಯಲ್ಲೇ ಹೋಗುತ್ತದೆ, ಆದರೆ ಅದಕ್ಕೂ ಗಂಟೆಯ ಮತ್ತು ಜಿಬಿಯ ಶುಲ್ಕವಿದೆ. ಗೇಟ್‌ವೇ ಎಂಡ್‌ಪಾಯಿಂಟಿಗೆ ಪ್ರತ್ಯೇಕ ಶುಲ್ಕವೇ ಇಲ್ಲ. ಯಾವ ದತ್ತಾಂಶ ಯಾವ ದಾರಿಯಲ್ಲಿ ಹೋಗಬೇಕೆಂದು ಹೇಳುವ ರೂಟ್ ಟೇಬಲ್ಲಿನಲ್ಲಿ ಒಂದು ಸಾಲು ಸೇರುತ್ತದೆ, ಅಷ್ಟೇ. ಅದು ಎಸ್‌ತ್ರೀ ಮತ್ತು ಡೈನಮೋಡಿಬಿ ಎಂಬ ಡೇಟಾಬೇಸಿಗೆ ಮಾತ್ರ ಸಿಗುವ ಸೌಲಭ್ಯ. ಇಲ್ಲಿ ಬೇಕಾಗಿರುವುದು ಎಸ್‌ತ್ರೀ, ಆದ್ದರಿಂದ ಅದೇ ಸರಿ.

ಈ ಪ್ರಶ್ನೆಯನ್ನು ಬಿಡಿಸುವಾಗ ನೀವು ಮಾಡಿದ್ದೇನು? ನಾಲ್ಕು ದಾರಿಯ ಬೆಲೆ, ಸುರಕ್ಷತೆ, ಮಿತಿಗಳನ್ನು ತೂಗಿದಿರಿ. ಪ್ರಶ್ನೆಯಲ್ಲಿ ಅಡಗಿದ್ದ ಎರಡು ಷರತ್ತುಗಳನ್ನು ಹಿಡಿದಿರಿ: ಇಂಟರ್ನೆಟ್ ಬೇಡ, ಖರ್ಚು ಕಡಿಮೆ. ವ್ಯವಸ್ಥೆ ಕಟ್ಟುವವರು, ನಡೆಸುವವರು, ಕೋಡ್ ಬರೆದು ಕ್ಲೌಡಿಗೆ ಏರಿಸುವವರು ದಿನವೂ ಮಾಡುವ ಕೆಲಸ ಇದೇ. ಕೈಯಿಂದ ಕ್ಲೌಡನ್ನು ಮುಟ್ಟುವ ಕೆಲಸ ನಿಮ್ಮ ಗುರಿಯಾಗಿದ್ದರೆ, ನನ್ನ ಖಚಿತ ಅಭಿಪ್ರಾಯ, ನಿಮ್ಮ ಮೊದಲ ಸರ್ಟಿಫಿಕೇಶನ್ ಅಸೋಸಿಯೇಟ್ ಆಗಿರಬೇಕು.

“ಫೌಂಡೇಶನಲ್ ಆಗದೆ ಅಸೋಸಿಯೇಟ್ ಬರೆಯಲು ಬಿಡುತ್ತಾರೆಯೇ?” ಅಂತ ಪ್ರತಿ ಸಲವೂ ಕೇಳುತ್ತಾರೆ. ಬಿಡುತ್ತಾರೆ. ಎಡಬ್ಲ್ಯೂಎಸ್ 2018ರಲ್ಲೇ ಮೇಲಿನ ಪರೀಕ್ಷೆಗೆ ಕೆಳಗಿನದು ಕಡ್ಡಾಯ ಎಂಬ ನಿಯಮವನ್ನು ತೆಗೆದುಹಾಕಿತು. ನಾಳೆಯೇ ಬೇಕಾದರೆ ಸ್ಪೆಷಾಲಿಟಿಗೂ ಹೆಸರು ಕೊಡಬಹುದು.

ಇನ್ನೊಂದು ಸಲಹೆ ಬಹಳ ಓಡಾಡುತ್ತಿದೆ: ಒಂದು ಪರೀಕ್ಷೆ ಪಾಸಾದರೆ ಮುಂದಿನದಕ್ಕೆ ಅರ್ಧ ಶುಲ್ಕದ ರಿಯಾಯಿತಿ ಸಿಗುತ್ತದೆ, ಆದ್ದರಿಂದ ಫೌಂಡೇಶನಲ್ ಮಾಡಿಕೊಂಡರೆ ಲಾಭ ಅಂತ. ಲೆಕ್ಕ ಹಾಕೋಣ. ಅಸೋಸಿಯೇಟ್ ಶುಲ್ಕ 150 ಡಾಲರ್. ನೇರವಾಗಿ ಬರೆದರೆ 150. ಫೌಂಡೇಶನಲ್ 100 ಕೊಟ್ಟು, ರಿಯಾಯಿತಿಯಲ್ಲಿ ಅಸೋಸಿಯೇಟ್ 75ಕ್ಕೆ ಬರೆದರೆ ಒಟ್ಟು 175. ಅಂದರೆ 25 ಡಾಲರ್ ಹೆಚ್ಚು, ಓದಿನ ಕೆಲವು ವಾರ ಹೆಚ್ಚು. ಅದಕ್ಕೆ ಬದಲಾಗಿ ಪರೀಕ್ಷೆಯ ವಾತಾವರಣದ ಪರಿಚಯ ಸಿಗುತ್ತದೆ. ಇದುವರೆಗೆ ಇಂಥ ಪರೀಕ್ಷೆಯನ್ನೇ ಬರೆಯದೆ ಅಂಜುತ್ತಿರುವವರಿಗೆ ಆ 25 ಡಾಲರ್ ಸಾರ್ಥಕವೇ. ಉಳಿದವರಿಗೆ ಅಲ್ಲ. ಏಕೆಂದರೆ ಅಸೋಸಿಯೇಟ್ ಇದ್ದವರ ಬಳಿ ಫೌಂಡೇಶನಲ್ ಇದೆಯೋ ಇಲ್ಲವೋ ಅಂತ ತಾಂತ್ರಿಕ ಸಂದರ್ಶನದಲ್ಲಿ ಯಾರೂ ಹುಡುಕುವುದಿಲ್ಲ. ಫೌಂಡೇಶನಲ್ ಪಠ್ಯವನ್ನು ಓದಿಕೊಳ್ಳಿ, ಅದು ಒಳ್ಳೆಯದೇ, ಪರೀಕ್ಷೆ ಬರೆಯಲೇಬೇಕೆಂದಿಲ್ಲ.

ಮೂರನೇ ಪ್ರಶ್ನೆ: ಎಲ್ಲ ಸರಿ ಇದ್ದೂ ಯಾಕೆ ಕೆಲಸ ಮಾಡುತ್ತಿಲ್ಲ?

ಅದೇ ಫೈಲು, ಮೂರನೇ ಸಲ. ಸೆಕ್ಯುರಿಟಿ ಸ್ಪೆಷಾಲಿಟಿಯ ದೃಷ್ಟಿಯಿಂದ ನೋಡೋಣ. ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ಸ್ಪೆಷಾಲಿಟಿ ಅಂದರೇನು ಅನ್ನುವುದು ಇಲ್ಲಿ ಗೊತ್ತಾಗುತ್ತದೆ.

ಸರ್ವರ್ ಒಂದು ಅಕೌಂಟಿನಲ್ಲಿದೆ, ಬಕೆಟ್ ಇನ್ನೊಂದು ಅಕೌಂಟಿನಲ್ಲಿದೆ. ಸರ್ವರಿಗೆ ಅನುಮತಿಗಳನ್ನು ಕೊಡಲು ಜೋಡಿಸುವ ಗುರುತಿಗೆ ರೋಲ್ ಅನ್ನುತ್ತಾರೆ; ಆ ರೋಲಿಗೆ ಫೈಲು ಓದುವ ಅನುಮತಿ ಕೊಟ್ಟಿದ್ದಾರೆ. ಬಕೆಟ್ ಪಾಲಿಸಿಯಲ್ಲೂ ಆ ರೋಲಿಗೆ ಅನುಮತಿ ಇದೆ. ಸರ್ವರಿನಿಂದ ಬಕೆಟ್ಟಿನ ಫೈಲುಗಳ ಪಟ್ಟಿ ಕೇಳಿದರೆ ಪಟ್ಟಿ ಬರುತ್ತದೆ. ಫೈಲನ್ನು ತರಲು ಹೋದರೆ ಮಾತ್ರ `AccessDenied` ಅನ್ನುತ್ತದೆ.

ಪಟ್ಟಿ ಬರುತ್ತಿದೆ, ಫೈಲು ಬರುತ್ತಿಲ್ಲ. ಸುಳಿವು ಇರುವುದು ಇಲ್ಲೇ. ಪಟ್ಟಿ ಬಂತು ಅಂದಮೇಲೆ ನೆಟ್‌ವರ್ಕ್ ದಾರಿ ಸರಿ ಇದೆ, ಬಕೆಟ್ ಈ ರೋಲನ್ನು ಗುರುತಿಸುತ್ತಿದೆ. ಹಾಗಾದರೆ ಪಟ್ಟಿಗೆ ಬೇಡವಾದ, ಫೈಲಿಗೆ ಮಾತ್ರ ಬೇಕಾದ ಸಂಗತಿ ಏನು? ಒಂದು, ಫೈಲು ಓದುವ `s3:GetObject` ಅನುಮತಿ. ಅದು ಎರಡೂ ಕಡೆ ಇದೆ ಅಂತ ನೋಡಿದ್ದೇವೆ. ಇನ್ನೊಂದು, ಗೂಢಲಿಪಿಯನ್ನು ಬಿಡಿಸುವುದು. ಫೈಲು ಕೀಲಿಗಳನ್ನು ನಿಭಾಯಿಸುವ ಕೆಎಂಎಸ್ ಸೇವೆಯ ಕೀಲಿಯಿಂದ ಎನ್‌ಕ್ರಿಪ್ಟ್ ಆಗಿದ್ದರೆ, ಓದುವವರಿಗೆ `kms:Decrypt` ಅನುಮತಿಯೂ ಬೇಕು. ಕೀಲಿ ಇನ್ನೊಂದು ಅಕೌಂಟಿನದ್ದಾದ್ದರಿಂದ ಆ ಅನುಮತಿ ಎರಡು ಕಡೆ ಇರಬೇಕು: ಕೀಲಿಯ ಪಾಲಿಸಿಯಲ್ಲೂ, ಸರ್ವರಿನ ರೋಲಿನಲ್ಲೂ. ಒಂದು ಕಡೆ ಮರೆತರೂ ಇದೇ ದೋಷ.

ಇನ್ನೂ ಒಂದು ಪದರ ಕೆಳಗಿದೆ. ಆ ಕೀಲಿ ಎಸ್‌ತ್ರೀಗೆಂದು ಎಡಬ್ಲ್ಯೂಎಸ್ ತಾನೇ ಮಾಡಿಕೊಟ್ಟ `aws/s3` ಕೀಲಿಯಾಗಿದ್ದರೆ, ಅದರ ಪಾಲಿಸಿಯನ್ನು ನಾವು ತಿದ್ದಲಾಗುವುದೇ ಇಲ್ಲ. ಹಾಗಾಗಿ ಹೊರಗಿನ ಅಕೌಂಟಿನ ರೋಲಿಗೆ ಆ ಫೈಲನ್ನು ಓದಲು ಬಿಡುವ ದಾರಿಯೇ ಇಲ್ಲ. ನಮ್ಮದೇ ಕೀಲಿ ಮಾಡಿಕೊಳ್ಳಬೇಕು. ಬಕೆಟ್ಟಿನ ಡೀಫಾಲ್ಟ್ ಕೀಲಿ ಬದಲಿಸಿದರೆ ಸಾಕು ಅಂದುಕೊಳ್ಳಬೇಡಿ. ಅದು ಹೊಸದಾಗಿ ಬರುವ ಫೈಲುಗಳಿಗೆ ಮಾತ್ರ. ಹಳೆಯ ಫೈಲುಗಳನ್ನು ಹೊಸ ಕೀಲಿಗೆ ಪ್ರತ್ಯೇಕವಾಗಿ ಬದಲಿಸಬೇಕು.

ನೋಡಿ, ಇಲ್ಲಿ ಯಾವ ಹೊಸ ಸೇವೆಯ ಹೆಸರನ್ನೂ ಕಂಠಪಾಠ ಮಾಡಿದಂತಾಗಲಿಲ್ಲ. ನಾಲ್ಕೈದು ಅನುಮತಿಗಳು ಒಂದರ ಮೇಲೊಂದು ಹೇಗೆ ಕೂರುತ್ತವೆ, ಯಾವುದು ತಪ್ಪಿದರೆ ಹೊರಗೆ ಏನು ಕಾಣುತ್ತದೆ ಅನ್ನುವ ಅರಿವು ಬೇಕಾಯಿತು. ಈ ಅರಿವು ಬರುವುದು ಇಂಥ ದೋಷವನ್ನು ಎದುರಿಗಿಟ್ಟುಕೊಂಡು ಕೂತಾಗ. ಆದ್ದರಿಂದಲೇ ಸ್ಪೆಷಾಲಿಟಿ ಪರೀಕ್ಷೆಗಳ ಮಾರ್ಗದರ್ಶಿಯಲ್ಲಿ ಆಯಾ ಕ್ಷೇತ್ರದಲ್ಲಿ ಹಲವು ವರ್ಷ ಕೆಲಸ ಮಾಡಿರಬೇಕು ಅಂತ ಬರೆದಿರುತ್ತಾರೆ. ಅದು ನಿಯಮವಲ್ಲ, ಸಲಹೆ. ಆದರೆ ಪ್ರಶ್ನೆಗಳನ್ನು ಆ ಅನುಭವ ಇರುವವರನ್ನು ಮನಸ್ಸಿನಲ್ಲಿಟ್ಟುಕೊಂಡೇ ಬರೆಯುತ್ತಾರೆ. 170 ನಿಮಿಷ, 300 ಡಾಲರ್. ಪಾಸಾಗಲು ಬೇಕಾದ ಅಂಕ 750, ಸೊಲ್ಯೂಷನ್ಸ್ ಆರ್ಕಿಟೆಕ್ಟ್ ಅಸೋಸಿಯೇಟ್‌ಗೆ 720.

ಸ್ಪೆಷಾಲಿಟಿಯನ್ನೇ ಮೊದಲು ಮಾಡುವುದು ಯಾರಿಗಾದರೂ ಸರಿಯೇ? ಸರಿಯಾಗುವ ಸಂದರ್ಭ ಇದೆ, ಅಪರೂಪ. ಹತ್ತಾರು ವರ್ಷ ರೂಟರ್, ಬಿಜಿಪಿ, ವಿಪಿಎನ್‌ಗಳ ನಡುವೆ ಕಳೆದು, ಈಚೆಗೆ ಡೈರೆಕ್ಟ್ ಕನೆಕ್ಟ್ ಮತ್ತು ಟ್ರಾನ್ಸಿಟ್ ಗೇಟ್‌ವೇ ಮೇಲೆ ಕೆಲಸ ಮಾಡುತ್ತಿರುವ ನೆಟ್‌ವರ್ಕ್ ಎಂಜಿನಿಯರ್ ಅಡ್ವಾನ್ಸ್ಡ್ ನೆಟ್‌ವರ್ಕಿಂಗ್ ಸ್ಪೆಷಾಲಿಟಿಗೆ ನೇರವಾಗಿ ಹೋಗಬಹುದು. ಆತ ಕೆಲಸದಲ್ಲಿ ಈಗಾಗಲೇ ಮೂರನೇ ಜಾತಿಯ ಪ್ರಶ್ನೆಗೆ ಉತ್ತರಿಸುತ್ತಿದ್ದಾನೆ. ಹಾಗಲ್ಲದೆ ಕ್ಲೌಡಿಗೇ ಹೊಸಬರಾದವರು “ಸೆಕ್ಯುರಿಟಿಗೆ ಬೇಡಿಕೆ ಇದೆ” ಎಂದು ಇದಕ್ಕೆ ಇಳಿದರೆ ಉತ್ತರಗಳನ್ನು ಬಾಯಿಪಾಠ ಮಾಡುವ ಸ್ಥಿತಿಗೆ ಬರುತ್ತಾರೆ. ಪ್ರಮಾಣಪತ್ರ ಸಿಕ್ಕರೂ, ಸಂದರ್ಶನದಲ್ಲಿ “ಪಟ್ಟಿ ಬರುತ್ತಿದೆ, ಫೈಲು ಬರುತ್ತಿಲ್ಲ, ಮೊದಲು ಏನು ನೋಡುತ್ತೀರಿ?” ಅಂತ ಕೇಳಿದಾಗ ತಡವರಿಸುತ್ತಾರೆ. ರೆಸ್ಯೂಮೆಯಲ್ಲಿ ಸ್ಪೆಷಾಲಿಟಿ ಇದ್ದವರಿಗೆ ಕೇಳುವ ಪ್ರಶ್ನೆಯೂ ಆ ಮಟ್ಟದ್ದೇ ಆಗಿರುತ್ತದೆ ಅನ್ನುವುದನ್ನು ನೆನಪಿಡಬೇಕು.

ಒಬ್ಬರ ಆಯ್ಕೆಯನ್ನು ಪೂರ್ತಿ ಬಿಡಿಸಿ ನೋಡೋಣ

ಹೀಗೊಬ್ಬರನ್ನು ಊಹಿಸಿಕೊಳ್ಳಿ. ನಾಲ್ಕು ವರ್ಷ ಲಿನಕ್ಸ್ ಸರ್ವರ್ ಸಪೋರ್ಟ್ ಮಾಡಿದ್ದಾರೆ. ಶೆಲ್ ಸ್ಕ್ರಿಪ್ಟ್ ಬರುತ್ತದೆ, ಡಿಎನ್ಎಸ್ ಗೊತ್ತು, ಫೈರ್‌ವಾಲ್ ನಿಯಮ ಓದಬಲ್ಲರು. ಕ್ಲೌಡ್ ಆಪರೇಶನ್ಸ್ ಕೆಲಸಕ್ಕೆ ಹೋಗಬೇಕು ಅನ್ನುವುದು ಅವರ ಗುರಿ.

ಮೊದಲು ಅವರು ಮಾಡಬೇಕಾದ್ದು, ನಿಜವಾಗಿ ಅರ್ಜಿ ಹಾಕಬಯಸುವ ಹತ್ತು ಉದ್ಯೋಗ ಜಾಹೀರಾತುಗಳನ್ನು ಮುಂದಿಟ್ಟುಕೊಂಡು ಕ್ರಿಯಾಪದಗಳಿಗೆ ಗೆರೆ ಎಳೆಯುವುದು. “ವಿವರಿಸಬೇಕು, ಸಮನ್ವಯ ಮಾಡಬೇಕು, ಅಂದಾಜು ಕೊಡಬೇಕು” ಎಂಬವು ಮೊದಲ ಜಾತಿಯ ಪ್ರಶ್ನೆಯ ಕೆಲಸ. “ಕಟ್ಟಬೇಕು, ನಿಭಾಯಿಸಬೇಕು, ಸ್ವಯಂಚಾಲಿತಗೊಳಿಸಬೇಕು” ಎಂಬವು ಎರಡನೆಯದು. “ಪರಿಶೀಲಿಸಬೇಕು, ತಂಡಕ್ಕೆ ಮಾನದಂಡ ರೂಪಿಸಬೇಕು” ಅಂತ ಇದ್ದು, ಒಂದೇ ಕ್ಷೇತ್ರದ ಹೆಸರು ಮತ್ತೆ ಮತ್ತೆ ಬಂದರೆ ಮೂರನೆಯದು. ಯಾವ ಕಂಪನಿಯ ಕ್ಲೌಡ್ ಅನ್ನುವುದೂ ಇದೇ ಜಾಹೀರಾತುಗಳಿಂದ ತೀರ್ಮಾನವಾಗುತ್ತದೆ. ಇವರ ಜಾಹೀರಾತುಗಳಲ್ಲಿ ಎರಡನೇ ಜಾತಿಯ ಪದಗಳೇ ತುಂಬಿವೆ ಅಂತಿಟ್ಟುಕೊಳ್ಳೋಣ. ಅಂದಮೇಲೆ ಅಸೋಸಿಯೇಟ್.

ಆದರೆ ಅಸೋಸಿಯೇಟಿನಲ್ಲೂ ಹಲವಿವೆ: ಸೊಲ್ಯೂಷನ್ಸ್ ಆರ್ಕಿಟೆಕ್ಟ್, ಡೆವಲಪರ್, ಡೇಟಾ ಎಂಜಿನಿಯರ್, ಮತ್ತು ಹಿಂದೆ ಸಿಸ್‌ಆಪ್ಸ್ ಅಡ್ಮಿನಿಸ್ಟ್ರೇಟರ್ ಎಂದಿದ್ದು ಈಗ ಕ್ಲೌಡ್‌ಆಪ್ಸ್ ಎಂಜಿನಿಯರ್ ಆಗಿರುವುದು. ಹೆಸರು ನೋಡಿದರೆ ಇವರು ಕ್ಲೌಡ್‌ಆಪ್ಸ್ ಆರಿಸಬೇಕು. ನಾನಾದರೆ ಸೊಲ್ಯೂಷನ್ಸ್ ಆರ್ಕಿಟೆಕ್ಟ್ ಮೊದಲು ಅನ್ನುತ್ತೇನೆ. ಕಾರಣ, ಕ್ಲೌಡ್‌ಆಪ್ಸ್ ಪರೀಕ್ಷೆ ನಡೆಯುತ್ತಿರುವ ವ್ಯವಸ್ಥೆಯನ್ನು ಗಮನಿಸುವುದು, ಸರಿಪಡಿಸುವುದರ ಬಗ್ಗೆ. ಅಲ್ಲಿ ವಿಪಿಸಿ ಎಂಬ ಖಾಸಗಿ ನೆಟ್‌ವರ್ಕ್, ಐಎಎಂ ಎಂಬ ಅನುಮತಿ ವ್ಯವಸ್ಥೆ, ಲೋಡ್ ಬ್ಯಾಲೆನ್ಸರ್‌ಗಳು ಯಾಕೆ ಹಾಗೆ ಜೋಡಣೆಯಾಗಿವೆ ಅನ್ನುವುದು ಗೊತ್ತಿರಬೇಕು. ಆ ಜೋಡಣೆಯ ಕಾರಣ ಕಲಿಸುವುದು ಸೊಲ್ಯೂಷನ್ಸ್ ಆರ್ಕಿಟೆಕ್ಟ್. ಇವರು ಈಗಾಗಲೇ ಎಡಬ್ಲ್ಯೂಎಸ್ ಅಕೌಂಟಿನಲ್ಲಿ ದಿನವೂ ಅಲಾರ್ಮ್ ನೋಡುತ್ತಿದ್ದರೆ ಮಾತು ಬೇರೆ, ಆಗ ಕ್ಲೌಡ್‌ಆಪ್ಸಿಗೆ ನೇರ ಹೋಗಲಿ.

ಓದಿನ ಜೊತೆಗೆ ಇವರು ನಾನು ಹೇಳಿದ ಎರಡನೇ ಸನ್ನಿವೇಶವನ್ನು ಕೈಯಾರೆ ಕಟ್ಟಬೇಕು. ಪ್ರೈವೇಟ್ ಸಬ್‌ನೆಟ್, ಅದರಲ್ಲಿ ರೋಲ್ ಜೋಡಿಸಿದ ಒಂದು ಸರ್ವರ್, ಅದೇ ರೀಜನ್ನಿನಲ್ಲಿ ಒಂದು ಬಕೆಟ್. ಮೊದಲು ಎಂಡ್‌ಪಾಯಿಂಟ್ ಇಲ್ಲದೆ ಈ ಆಜ್ಞೆ ಕೊಡಿ, ಬಕೆಟ್ ಹೆಸರು ನಿಮ್ಮದು:

```
aws s3 ls s3://my-bucket
```

ಆಜ್ಞೆ ಉತ್ತರ ಬಾರದೆ ಕಾಯುತ್ತಲೇ ಇರುತ್ತದೆ, ಕೊನೆಗೆ ಟೈಮ್‌ಔಟ್ ಆಗುತ್ತದೆ. ಗೇಟ್‌ವೇ ಎಂಡ್‌ಪಾಯಿಂಟ್ ಮಾಡಿ, ಆ ಸಬ್‌ನೆಟ್ಟಿನ ರೂಟ್ ಟೇಬಲ್ಲಿಗೆ ಸೇರಿಸಿ, ಮತ್ತೆ ಕೊಡಿ. ರೋಲಿನಲ್ಲಿ ಅನುಮತಿ ಇದ್ದರೆ ಪಟ್ಟಿ ಬರುತ್ತದೆ, ಇಲ್ಲದಿದ್ದರೆ ತಕ್ಷಣ `AccessDenied` ಬರುತ್ತದೆ. ಕಾದು ಕಾದು ನಿಲ್ಲುವುದು ದಾರಿಯ ದೋಷ, ತಕ್ಷಣ ಬೈದು ಕಳಿಸುವುದು ಅನುಮತಿಯ ದೋಷ. ಈ ಒಂದು ವ್ಯತ್ಯಾಸ ಕಣ್ಣಾರೆ ಕಂಡವರಿಗೆ ಪರೀಕ್ಷೆಯ ಎಷ್ಟೋ ಪ್ರಶ್ನೆಗಳು ತಾವಾಗಿ ಬಿಡಿಸಿಕೊಳ್ಳುತ್ತವೆ. ಅಭ್ಯಾಸಕ್ಕೆಂದು ನ್ಯಾಟ್ ಗೇಟ್‌ವೇ ಮಾಡಿದರೆ ಅಂದೇ ಅಳಿಸಿ; ಅದರಲ್ಲಿ ಒಂದು ಬೈಟ್ ಹರಿಯದಿದ್ದರೂ ಗಂಟೆಯ ಶುಲ್ಕ ಬೀಳುತ್ತದೆ. ಅಕೌಂಟ್ ತೆರೆದ ದಿನವೇ ಬಜೆಟ್ ಎಚ್ಚರಿಕೆಯನ್ನೂ ಹಾಕಿಕೊಳ್ಳಿ.

ಸಿದ್ಧತೆ ಸಾಕಾಯಿತೇ ಎಂದು ತಿಳಿಯುವುದಕ್ಕೆ ಅಭ್ಯಾಸ ಪರೀಕ್ಷೆಯ ಅಂಕವೊಂದನ್ನೇ ನಂಬಬೇಡಿ. ಸರಿಯಾಗಿ ಉತ್ತರಿಸಿದ ಪ್ರಶ್ನೆಗಳನ್ನೇ ತೆಗೆದುಕೊಂಡು, ಉಳಿದ ಮೂರು ಆಯ್ಕೆ ಯಾಕೆ ತಪ್ಪು ಎಂದು ಗಟ್ಟಿಯಾಗಿ ಹೇಳಿ ನೋಡಿ. ಹೇಳಲಾಗದಿದ್ದರೆ ನಿಮಗೆ ಆ ಪ್ರಶ್ನೆ ಗೊತ್ತಿದೆ, ವಿಷಯ ಗೊತ್ತಿಲ್ಲ.

ಸಭಿಕರ ಪ್ರಶ್ನೆಗಳು

ಒಬ್ಬರು ಕೇಳಿದರು: “ಅಝೂರ್ ಮತ್ತು ಗೂಗಲ್ ಕ್ಲೌಡ್‌ನಲ್ಲೂ ಇದೇ ಲೆಕ್ಕವೇ, ಸರ್?”

ಪ್ರಶ್ನೆಯ ಜಾತಿ ಅದೇ, ಹೆಸರು ಮತ್ತು ಅವಧಿ ಬೇರೆ. ಅಝೂರ್‌ನಲ್ಲಿ `AZ-900` ಫೌಂಡೇಶನಲ್ ಸ್ಥಾನದಲ್ಲಿದೆ, ಅದಕ್ಕೆ ಅವಧಿ ಮುಗಿಯುವುದೆಂಬುದಿಲ್ಲ. ಕೈಕೆಲಸದವರ ಅಸೋಸಿಯೇಟ್ `AZ-104`. ಅದು ಒಂದು ವರ್ಷಕ್ಕೆ ಮುಗಿಯುತ್ತದೆ, ಆದರೆ ಆನ್‌ಲೈನಿನಲ್ಲಿ ಉಚಿತವಾಗಿ ನವೀಕರಿಸಬಹುದು. ಗೂಗಲ್‌ನಲ್ಲಿ ಕ್ಲೌಡ್ ಡಿಜಿಟಲ್ ಲೀಡರ್ ಮೊದಲ ಮಟ್ಟ, ಅಸೋಸಿಯೇಟ್ ಕ್ಲೌಡ್ ಎಂಜಿನಿಯರ್ ಎರಡನೆಯದು. ಸ್ಪೆಷಾಲಿಟಿ ಎಂಬ ಹೆಸರಿನ ಮಟ್ಟ ಅಲ್ಲಿಲ್ಲ. ಸೆಕ್ಯುರಿಟಿ, ನೆಟ್‌ವರ್ಕ್ ಪರೀಕ್ಷೆಗಳು ಪ್ರೊಫೆಷನಲ್ ಮಟ್ಟದಲ್ಲಿವೆ. ಎಡಬ್ಲ್ಯೂಎಸ್‌ನವು ಮೂರು ವರ್ಷ ಚಾಲ್ತಿಯಲ್ಲಿರುತ್ತವೆ.

ಕಾಲೇಜು ಮುಗಿಸುತ್ತಿರುವ ಒಬ್ಬಾಕೆ ಕೇಳಿದರು: “ನನಗೆ ಯಾವ ಅನುಭವವೂ ಇಲ್ಲ. ಅಸೋಸಿಯೇಟ್ ಮಾರ್ಗದರ್ಶಿಯಲ್ಲಿ ಒಂದು ವರ್ಷದ ಅನುಭವ ಅಂತಿದೆ. ನಾನು ಫೌಂಡೇಶನಲ್ಲಿಗೇ ಹೋಗಬೇಕಾ?”

ಐಪಿ ವಿಳಾಸ, ಸಬ್‌ನೆಟ್, ಡಿಎನ್ಎಸ್, ಲಿನಕ್ಸ್ ಆಜ್ಞೆಗಳು ಇವು ನಿಮಗೆ ಬಂದರೆ ಅಸೋಸಿಯೇಟಿಗೆ ಹೋಗಮ್ಮಾ, ಆ ಒಂದು ವರ್ಷದ ಬದಲು ಕೆಲವು ತಿಂಗಳು ಕೈಯಿಂದ ಕಟ್ಟುತ್ತ ಕಲಿತರೆ ಆಗುತ್ತದೆ. `10.0.0.0/24` ಎಂದು ಬರೆದದ್ದನ್ನು ನೋಡಿ ಏನೂ ಅರ್ಥವಾಗದಿದ್ದರೆ ಫೌಂಡೇಶನಲ್ ಕೂಡ ಆ ಕೊರತೆಯನ್ನು ತುಂಬುವುದಿಲ್ಲ, ಯಾಕೆಂದರೆ ಅದರ ಪಠ್ಯದಲ್ಲಿ ನೆಟ್‌ವರ್ಕಿಂಗ್ ಅಷ್ಟು ಆಳಕ್ಕೆ ಇಲ್ಲ. ಮೊದಲ ತಿಂಗಳು ಕ್ಲೌಡನ್ನು ಪಕ್ಕಕ್ಕಿಟ್ಟು ನೆಟ್‌ವರ್ಕಿಂಗ್ ಕಲಿಯಿರಿ.

ಕೊನೆಯ ಪ್ರಶ್ನೆ ಹಿಂದಿನ ಸಾಲಿನಿಂದ ಬಂತು: “ಫೇಲಾದರೆ?”

ಎಡಬ್ಲ್ಯೂಎಸ್‌ನಲ್ಲಿ 14 ದಿನ ಬಿಟ್ಟು ಮತ್ತೆ ಬರೆಯಬಹುದು, ಶುಲ್ಕ ಪೂರ್ತಿ ಮತ್ತೆ ಕಟ್ಟಬೇಕು. ಫಲಿತಾಂಶದ ವರದಿಯಲ್ಲಿ ಯಾವ ವಿಭಾಗದಲ್ಲಿ ಹಿಂದೆ ಬಿದ್ದಿರಿ ಅಂತ ತೋರಿಸುತ್ತಾರೆ. ವಿಭಾಗವಾರು ಪಾಸಾಗಬೇಕೆಂಬ ನಿಯಮ ಇಲ್ಲ, ಒಟ್ಟು ಅಂಕವೇ ಲೆಕ್ಕ. 65ರಲ್ಲಿ 15 ಪ್ರಶ್ನೆಗೆ ಅಂಕವೇ ಇರುವುದಿಲ್ಲ, ಅವು ಯಾವುವು ಅಂತ ನಿಮಗೆ ಹೇಳುವುದೂ ಇಲ್ಲ. ಆದ್ದರಿಂದ ಒಂದು ವಿಚಿತ್ರ ಪ್ರಶ್ನೆ ಬಂದಾಗ ಅದರ ಮೇಲೇ ಹತ್ತು ನಿಮಿಷ ಕೂರಬೇಡಿ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ, ಯಾವುದನ್ನೂ ಖಾಲಿ ಬಿಡಬೇಡಿ. ಒಂದೇ ವಿಭಾಗ ಬಹಳ ಕೆಳಗಿದ್ದರೆ ಅದನ್ನು ಮತ್ತೆ ಕಟ್ಟಿ ನೋಡಿ ಬೇಗ ಬರೆಯಿರಿ. ಎಲ್ಲ ವಿಭಾಗವೂ ಸಮನಾಗಿ ಕೆಳಗಿದ್ದರೆ 14 ದಿನ ಸಾಲದು. ಎರಡು ತಿಂಗಳು ಮುಂದಿನ ದಿನಾಂಕ ತೆಗೆದುಕೊಳ್ಳಿ.